ದಾಲ್ ಮಿಲ್ ಯಂತ್ರದ ಸವಕಳಿ: ನೇರ ರೇಖಾ ಪದ್ಧತಿ, ಇಳಿಕೆ ಶೇಷ ಪದ್ಧತಿ ಮತ್ತು ವರ್ಷ ವರ್ಷದ ಲಾಭ

ಕಲಬುರಗಿಯ ಕಪನೂರ, ನಂದೂರ ಕೈಗಾರಿಕಾ ಪ್ರದೇಶಗಳ ದಾಲ್ ಮಿಲ್‌ಗಳಲ್ಲಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವಾಗ ತೊಗರಿಯ ದಾಸ್ತಾನನ್ನು ಚೀಲ ಚೀಲ ಎಣಿಸಿ ಬರೆಯುತ್ತಾರೆ, ಬರಬೇಕಾದ ಬಾಕಿಯನ್ನು ಹೆಸರು ಹೆಸರಾಗಿ ತಾಳೆ ನೋಡುತ್ತಾರೆ. ಆದರೆ ಯಂತ್ರದ ಸವಕಳಿಯನ್ನು ಮಾತ್ರ ಹಿಂದಿನ ವರ್ಷ ಹೇಗೆ ಬರೆದಿತ್ತೋ ಹಾಗೆಯೇ ಬರೆದು ಮುಂದೆ ಹೋಗುತ್ತಾರೆ. ಆ ಒಂದು ಸಾಲು ಯಾವ ಪದ್ಧತಿಯಿಂದ ಬಂದಿದೆ ಎಂಬುದರ ಮೇಲೆ ಆ ವರ್ಷದ ಲಾಭ ಲಕ್ಷ ರೂಪಾಯಿಯಷ್ಟು ಹೆಚ್ಚು ಅಥವಾ ಕಡಿಮೆ ಕಾಣಬಹುದು, ಪಾಲುದಾರರು ಹಂಚಿಕೊಳ್ಳುವ ಮೊತ್ತವೂ ಅದರಂತೆಯೇ ಬದಲಾಗಬಹುದು. ಈ ಲೇಖನದಲ್ಲಿ ಒಂದೇ ಯಂತ್ರವನ್ನು ಎರಡೂ ಪದ್ಧತಿಗಳಲ್ಲಿ ಐದು ವರ್ಷ ಲೆಕ್ಕ ಹಾಕಿ, ಲಾಭ ಎಲ್ಲಿ, ಎಷ್ಟು, ಏಕೆ ಸರಿಯುತ್ತದೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಉದಾಹರಣೆಗೆ ಮೂವರು ಸಮಾನ ಪಾಲುದಾರರ ಒಂದು ದಾಲ್ ಮಿಲ್ ಇದೆ ಎಂದುಕೊಳ್ಳೋಣ. ಅವರು ಬೇಳೆಯ ಬಣ್ಣ ನೋಡಿ ಕಪ್ಪು ಕಾಳು, ಸಿಪ್ಪೆ ಉಳಿದ ಬೇಳೆ ಮತ್ತು ಕಲ್ಲನ್ನು ಗಾಳಿಯ ಒತ್ತಡದಿಂದ ಹಾರಿಸಿ ಬೇರ್ಪಡಿಸುವ ಯಂತ್ರವೊಂದನ್ನು ಕೊಂಡಿದ್ದಾರೆ. ಮೊತ್ತಗಳೆಲ್ಲ ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡವು. ಕ್ರಮ ಮಾತ್ರ ಯಾವ ಯಂತ್ರಕ್ಕೂ ಇದೇ.

ಮೊದಲು ಯಂತ್ರದ ವೆಚ್ಚವನ್ನು ಸರಿಯಾಗಿ ಕಟ್ಟಿಕೊಳ್ಳಿ

ಸವಕಳಿ ಹಾಕಬೇಕಾದ ವೆಚ್ಚ ಎಂದರೆ ಬಿಲ್ಲಿನ ಬೆಲೆಯಷ್ಟೇ ಅಲ್ಲ. ಯಂತ್ರವನ್ನು ಅದು ಕೆಲಸ ಮಾಡುವ ಜಾಗಕ್ಕೆ ತಂದು, ಕೆಲಸಕ್ಕೆ ಸಿದ್ಧ ಮಾಡುವವರೆಗೆ ನೇರವಾಗಿ ತಗಲಿದ ಖರ್ಚೆಲ್ಲ ಅದರಲ್ಲಿ ಸೇರುತ್ತದೆ. ನಮ್ಮ ಉದಾಹರಣೆಯಲ್ಲಿ ಯಂತ್ರದ ಬೆಲೆ 9,40,000 ರೂಪಾಯಿ, ಲಾರಿ ಬಾಡಿಗೆ ಮತ್ತು ಸಾಗಣೆ ವಿಮೆ 36,000, ಅಡಿಪಾಯ ಹಾಗೂ ವಿದ್ಯುತ್ ಜೋಡಣೆ 30,000, ಅಳವಡಿಕೆ ಮತ್ತು ಪ್ರಾಯೋಗಿಕ ಚಾಲನೆ 18,000. ಒಟ್ಟು 10,24,000 ರೂಪಾಯಿ. ಲಾರಿ ಬಾಡಿಗೆಯನ್ನು ಸಾಗಣೆ ವೆಚ್ಚದ ಖಾತೆಗೂ ಅಡಿಪಾಯದ ಸಿಮೆಂಟನ್ನು ಕಟ್ಟಡ ದುರಸ್ತಿಗೂ ಬರೆದುಬಿಟ್ಟರೆ, ಐದು ವರ್ಷಕ್ಕೆ ಹಂಚಿಕೆಯಾಗಬೇಕಾದ ಖರ್ಚು ಒಂದೇ ವರ್ಷದ ಲಾಭವನ್ನು ತಿನ್ನುತ್ತದೆ. ಆಮೇಲೆ ಯಾವ ಪದ್ಧತಿಯೂ ಆ ತಪ್ಪನ್ನು ಸರಿಪಡಿಸಲಾರದು.

ಜಿಎಸ್‌ಟಿ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಯಂತ್ರದ ಮೇಲೆ ಕೊಟ್ಟ ತೆರಿಗೆಗೆ ಹೂಡುವಳಿ ತೆರಿಗೆ ಜಮಾ ಪಡೆದಿದ್ದರೆ ಆ ತೆರಿಗೆಯನ್ನು ಯಂತ್ರದ ವೆಚ್ಚಕ್ಕೆ ಸೇರಿಸಿ ಸವಕಳಿ ಹಾಕುವಂತಿಲ್ಲ. ಜಮಾ ಸಿಗದೆ ಹೋದ ತೆರಿಗೆ ಮಾತ್ರ ವೆಚ್ಚಕ್ಕೆ ಸೇರುತ್ತದೆ. ತೆರಿಗೆ ವಿನಾಯಿತಿ ಇರುವ ಸರಕನ್ನೂ ತೆರಿಗೆ ಇರುವ ಸರಕನ್ನೂ ಒಂದೇ ಯಂತ್ರದಲ್ಲಿ ಹಾಯಿಸುವ ಮಿಲ್‌ನಲ್ಲಿ ಈ ಭಾಗವನ್ನು ಲೆಕ್ಕ ಪರಿಶೋಧಕರೊಡನೆ ಕುಳಿತು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳಿತು.

ಬಾಳಿಕೆ ಮತ್ತು ಉಳಿಕೆ ಬೆಲೆ

ಇನ್ನೆರಡು ಅಂದಾಜುಗಳು ಬೇಕು: ಯಂತ್ರ ನಮಗೆ ಎಷ್ಟು ವರ್ಷ ಉಪಯೋಗಕ್ಕೆ ಬರುತ್ತದೆ, ಆಮೇಲೆ ಮಾರಿದರೆ ಎಷ್ಟು ಬರುತ್ತದೆ. ಇಲ್ಲಿ ಕೇಳಬೇಕಾದದ್ದು ಯಂತ್ರ ಎಷ್ಟು ದಿನ ತಿರುಗುತ್ತದೆ ಎಂದಲ್ಲ, ನಾವು ಅದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೇವೆ ಎಂದು. ಕ್ಯಾಮೆರಾ ಮತ್ತು ಗಣಕದ ಮೇಲೆ ನಿಂತಿರುವ ಯಂತ್ರ ಹತ್ತು ವರ್ಷ ತಿರುಗಬಹುದು, ಆದರೆ ಹೊಸ ಮಾದರಿಗಳ ಮುಂದೆ ಅದರ ಬೇಳೆಗೆ ಧಾರಣೆ ಕಡಿಮೆ ಬಂದರೆ ಮಿಲ್‌ನವರು ಅದಕ್ಕೂ ಮೊದಲೇ ಬದಲಿಸುತ್ತಾರೆ. ನಮ್ಮ ಪಾಲುದಾರರು ಐದು ವರ್ಷದ ನಂತರ ಬದಲಿಸುವ ಯೋಚನೆಯಲ್ಲಿದ್ದಾರೆ; ಹಳೆಯ ಯಂತ್ರಕ್ಕೆ ಆಗ 2,43,000 ರೂಪಾಯಿ ಬರಬಹುದೆಂದು ಅವರ ಅಂದಾಜು.

ಕಂಪನಿಯಾಗಿದ್ದರೆ 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯನ್ನು ನೋಡಬೇಕಾಗುತ್ತಿತ್ತು. ಅದರಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ 15 ವರ್ಷದ ಬಾಳಿಕೆ ಹೇಳಿದೆ ಮತ್ತು ಉಳಿಕೆ ಬೆಲೆ ಸಾಮಾನ್ಯವಾಗಿ ಮೂಲ ವೆಚ್ಚದ ಶೇ. 5ನ್ನು ಮೀರಬಾರದು, ಬೇರೆ ಅಂದಾಜು ಬಳಸುವುದಾದರೆ ತಾಂತ್ರಿಕ ಆಧಾರ ಕೊಟ್ಟು ಅದನ್ನು ಲೆಕ್ಕಪತ್ರದಲ್ಲಿ ಪ್ರಕಟಿಸಬೇಕು. ಪಾಲುದಾರಿಕೆ ಸಂಸ್ಥೆಗೆ ಆ ಅನುಸೂಚಿ ಅನ್ವಯಿಸುವುದಿಲ್ಲ, ತನ್ನ ಬಳಕೆಗೆ ತಕ್ಕ ಅಂದಾಜನ್ನು ಅದೇ ಮಾಡಿಕೊಳ್ಳಬೇಕು.

ನೇರ ರೇಖಾ ಪದ್ಧತಿಯ ಲೆಕ್ಕ

ಇದನ್ನು ಸ್ಥಿರ ಕಂತಿನ ಪದ್ಧತಿ ಎಂದೂ ಕರೆಯುತ್ತಾರೆ. ವೆಚ್ಚದಿಂದ ಉಳಿಕೆ ಬೆಲೆಯನ್ನು ಕಳೆದು, ಬಂದದ್ದನ್ನು ವರ್ಷಗಳಿಗೆ ಸಮನಾಗಿ ಹಂಚುವುದು ಇದರ ಕ್ರಮ. 10,24,000ದಿಂದ 2,43,000 ಕಳೆದರೆ 7,81,000; ಅದನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 1,56,200 ರೂಪಾಯಿ. ಪ್ರತಿ ಮಾರ್ಚ್ 31ರಂದು ಸವಕಳಿ ಖಾತೆಗೆ ಇಷ್ಟು ಖರ್ಚು ಬರೆದು, ಸಂಚಿತ ಸವಕಳಿ ಖಾತೆಗೆ ಜಮಾ ಮಾಡಬೇಕು.

ಯಂತ್ರದ ಖಾತೆಯಲ್ಲೇ ಸವಕಳಿಯನ್ನು ಕಳೆಯುತ್ತ ಹೋಗುವ ರೂಢಿ ಸಣ್ಣ ಸಂಸ್ಥೆಗಳಲ್ಲಿ ಇನ್ನೂ ಇದೆ. ಅದು ತಪ್ಪಲ್ಲವಾದರೂ ಮೂರು ವರ್ಷದ ನಂತರ ಮೂಲ ವೆಚ್ಚ ಎಷ್ಟಿತ್ತೆಂದು ಹಳೆಯ ಪುಸ್ತಕ ತೆಗೆದು ಹುಡುಕಬೇಕಾಗುತ್ತದೆ, ಮತ್ತು ಆ ಅವಸರದಲ್ಲಿ ಹಿಂದಿನ ವರ್ಷದ ಬಾಕಿಯ ಮೇಲೆಯೇ ಸ್ಥಿರ ಕಂತಿನ ದರವನ್ನು ಹಾಕಿಬಿಡುವ ಸಂಭವ ಹೆಚ್ಚು. ಸಂಚಿತ ಸವಕಳಿಗೆ ಪ್ರತ್ಯೇಕ ಖಾತೆ ಇಟ್ಟರೆ ಮೂಲ ವೆಚ್ಚ ಸದಾ ಕಣ್ಣೆದುರಿಗೇ ಇರುತ್ತದೆ.

ಇಳಿಕೆ ಶೇಷ ಪದ್ಧತಿಯ ಲೆಕ್ಕ

ಇಲ್ಲಿ ಪ್ರತಿ ವರ್ಷ ಒಂದೇ ದರ, ಆದರೆ ಅದು ಬೀಳುವುದು ಆ ವರ್ಷದ ಆರಂಭದಲ್ಲಿ ಪುಸ್ತಕದಲ್ಲಿ ಉಳಿದಿರುವ ಮೌಲ್ಯದ ಮೇಲೆ. ಆದ್ದರಿಂದ ಮೊದಲ ವರ್ಷ ಸವಕಳಿ ಹೆಚ್ಚು, ನಂತರ ವರ್ಷದಿಂದ ವರ್ಷಕ್ಕೆ ಕಡಿಮೆ. ದರವನ್ನು ಊಹಿಸಿಕೊಳ್ಳಬಾರದು, ವೆಚ್ಚ, ಉಳಿಕೆ ಬೆಲೆ ಮತ್ತು ಬಾಳಿಕೆ ಗೊತ್ತಿದ್ದರೆ ದರ ತಾನಾಗಿ ಸಿಗುತ್ತದೆ. ಎಕ್ಸೆಲ್ ಹಾಳೆಯಲ್ಲಿ ಹೀಗೆ ಬರೆದು ನೋಡಬಹುದು:

```
=1-(243000/1024000)^(1/5)
=SLN(1024000,243000,5)
=DB(1024000,243000,5,1)
```

ಮೊದಲ ಸಾಲಿಗೆ ಉತ್ತರ 0.25, ಅಂದರೆ ಶೇ. 25. ಎರಡನೆಯದು ನೇರ ರೇಖೆಯ 1,56,200ನ್ನು ಕೊಡುತ್ತದೆ, ಮೂರನೆಯದು ಇಳಿಕೆ ಶೇಷದ ಮೊದಲ ವರ್ಷದ 2,56,000ನ್ನು. `DB` ಸೂತ್ರ ದರವನ್ನು ಮೂರು ದಶಮಾಂಶ ಸ್ಥಾನಗಳಿಗೆ ಸರಿಹೊಂದಿಸಿಕೊಳ್ಳುವುದರಿಂದ ಬೇರೆ ಅಂಕಿಗಳಲ್ಲಿ ಕೊನೆಯ ಮೌಲ್ಯ ಕೆಲವು ನೂರು ರೂಪಾಯಿ ಆಚೀಚೆ ಬರಬಹುದು. ಅದರ ಪಕ್ಕದಲ್ಲೇ ಇರುವ `DDB` ಬೇರೆ ಸೂತ್ರ: ದರ ಹೇಳದೆ ಬಿಟ್ಟರೆ ಅದು ನೇರ ರೇಖೆಯ ಎರಡು ಪಟ್ಟು, ಅಂದರೆ ಐದು ವರ್ಷದ ಬಾಳಿಕೆಗೆ ಶೇ. 40 ಹಿಡಿದು ಮೊದಲ ವರ್ಷಕ್ಕೇ 4,09,600 ತೋರಿಸುತ್ತದೆ. ಹೆಸರು ಹೋಲುವುದರಿಂದ ಇವೆರಡು ಅದಲು ಬದಲಾಗುವುದುಂಟು.

ಈ ಪದ್ಧತಿಯಲ್ಲಿ ಅತಿ ಸಾಮಾನ್ಯವಾದ ತಪ್ಪು ಇನ್ನೊಂದಿದೆ. ನೇರ ರೇಖೆಯ ಅಭ್ಯಾಸದಿಂದ ಇಲ್ಲಿಯೂ ಮೊದಲು ಉಳಿಕೆ ಬೆಲೆಯನ್ನು ಕಳೆದು, 7,81,000ದ ಮೇಲೆ ಶೇ. 25 ಹಾಕುತ್ತಾರೆ. ಉಳಿಕೆ ಬೆಲೆ ದರದೊಳಗೆ ಆಗಲೇ ಸೇರಿಹೋಗಿರುವುದರಿಂದ ಹೀಗೆ ಮಾಡಿದರೆ ಅದನ್ನು ಎರಡು ಸಲ ಕಳೆದಂತಾಗುತ್ತದೆ, ಐದನೇ ವರ್ಷದ ಕೊನೆಗೆ ಪುಸ್ತಕದಲ್ಲಿ 2,43,000ದ ಬದಲು ಸುಮಾರು 4,28,000 ಉಳಿಯುತ್ತದೆ. ತಪ್ಪನ್ನು ಕಂಡುಹಿಡಿಯುವ ದಾರಿ ಸರಳ: ಯಂತ್ರ ಕೊಂಡ ದಿನವೇ ಐದೂ ವರ್ಷದ ಲೆಕ್ಕವನ್ನು ಒಂದು ಹಾಳೆಯಲ್ಲಿ ಹಾಕಿ, ಕೊನೆಯ ಮೌಲ್ಯ ನಮ್ಮ ಅಂದಾಜಿನ ಉಳಿಕೆ ಬೆಲೆಗೆ ಬಂದು ನಿಲ್ಲುತ್ತದೆಯೇ ಎಂದು ನೋಡಬೇಕು. ನಿಲ್ಲದಿದ್ದರೆ ದರ ತಪ್ಪು ಅಥವಾ ದರ ಬಿದ್ದ ಮೊತ್ತ ತಪ್ಪು.

ಎರಡನ್ನೂ ಪಕ್ಕಪಕ್ಕ ಇಟ್ಟಾಗ

ಪದ್ಧತಿಯ ಪರಿಣಾಮ ಮಾತ್ರ ಎದ್ದು ಕಾಣಲೆಂದು, ಸವಕಳಿಗೆ ಮುಂಚಿನ ಲಾಭ ಐದೂ ವರ್ಷ 6,00,000 ರೂಪಾಯಿಯೇ ಇತ್ತು ಎಂದು ಇಟ್ಟುಕೊಳ್ಳೋಣ. ಹಿಂಗಾರು ಮುಂಗಾರುಗಳನ್ನು ನಂಬಿದ ವ್ಯಾಪಾರದಲ್ಲಿ ಹೀಗೆ ಎಂದೂ ಆಗುವುದಿಲ್ಲ, ಆದರೆ ಬೇರೆಲ್ಲ ಅಲುಗಾಡದೆ ನಿಂತಾಗಲೇ ಸವಕಳಿಯ ಕೈವಾಡ ಸ್ಪಷ್ಟವಾಗುತ್ತದೆ.

| ವರ್ಷ | ನೇರ ರೇಖೆ: ಸವಕಳಿ | ನೇರ ರೇಖೆ: ಲಾಭ | ಇಳಿಕೆ ಶೇಷ: ಸವಕಳಿ | ಇಳಿಕೆ ಶೇಷ: ಲಾಭ |
|---|---|---|---|---|
| 1 | 1,56,200 | 4,43,800 | 2,56,000 | 3,44,000 |
| 2 | 1,56,200 | 4,43,800 | 1,92,000 | 4,08,000 |
| 3 | 1,56,200 | 4,43,800 | 1,44,000 | 4,56,000 |
| 4 | 1,56,200 | 4,43,800 | 1,08,000 | 4,92,000 |
| 5 | 1,56,200 | 4,43,800 | 81,000 | 5,19,000 |
| ಒಟ್ಟು | 7,81,000 | 22,19,000 | 7,81,000 | 22,19,000 |

ಕೊನೆಯ ಸಾಲನ್ನು ಮೊದಲು ಓದಬೇಕು. ಐದು ವರ್ಷದ ಒಟ್ಟು ಲಾಭ ಎರಡರಲ್ಲೂ ಒಂದೇ. ಸವಕಳಿ ಪದ್ಧತಿ ಲಾಭವನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಸರಿಸುತ್ತದೆ, ಅಷ್ಟೆ. ಮೊದಲ ವರ್ಷ ಇಳಿಕೆ ಶೇಷದಲ್ಲಿ ಲಾಭ 99,800 ರೂಪಾಯಿ ಕಡಿಮೆ, ಎರಡನೇ ವರ್ಷ 35,800 ಕಡಿಮೆ. ಮೂರನೇ ವರ್ಷಕ್ಕೆ ಅದರ ಸವಕಳಿ ಸ್ಥಿರ ಕಂತಿಗಿಂತ ಕೆಳಗಿಳಿಯುವುದರಿಂದ ದಿಕ್ಕು ತಿರುಗಿ ಲಾಭ 12,200 ಹೆಚ್ಚಾಗುತ್ತದೆ, ನಂತರ 48,200 ಮತ್ತು 75,200. ಮೊದಲೆರಡು ವರ್ಷ ಹಿಡಿದಿಟ್ಟ 1,35,600 ರೂಪಾಯಿಯೇ ಮುಂದಿನ ಮೂರು ವರ್ಷದಲ್ಲಿ ಪೂರ್ತಿ ಹಿಂತಿರುಗುತ್ತದೆ.

ಇನ್ನು ಕೊನೆಯ ಕಂಬಸಾಲನ್ನು ಮೇಲಿನಿಂದ ಕೆಳಕ್ಕೆ ಓದಿ. 3,44,000ದಿಂದ 5,19,000ಕ್ಕೆ ಲಾಭ ಏರಿದೆ, ಅಂದರೆ ಅರ್ಧದಷ್ಟು ಬೆಳವಣಿಗೆ. ಆದರೆ ಮಿಲ್ ಒಂದು ಕ್ವಿಂಟಲ್ ಬೇಳೆಯನ್ನೂ ಹೆಚ್ಚಿಗೆ ಮಾಡಿಲ್ಲ, ಒಂದು ರೂಪಾಯಿ ಧಾರಣೆಯೂ ಏರಿಲ್ಲ. ಯಂತ್ರ ಹಳೆಯದಾಗಿದೆ, ಅದಕ್ಕಾಗಿ ಬರೆಯುವ ಖರ್ಚು ಇಳಿದಿದೆ. ಐದನೇ ವರ್ಷದ ಅಂಕಿಯನ್ನು ನಂಬಿ ದೊಡ್ಡ ಸಾಲ ಮಾಡಿ ಹೊಸ ಯಂತ್ರ ತಂದರೆ, ಆರನೇ ವರ್ಷ ಸವಕಳಿ ಮತ್ತೆ ಮೇಲಿನಿಂದ ಆರಂಭವಾಗಿ ಲಾಭ ಒಮ್ಮೆಲೆ ಕುಸಿದಂತೆ ಕಾಣುತ್ತದೆ. ಈ ಕಾರಣಕ್ಕೆ ಎರಡು ಮಿಲ್‌ಗಳ ಲಾಭವನ್ನು ಹೋಲಿಸುವ ಮುನ್ನ ಅವು ಬಳಸುವ ಪದ್ಧತಿಯನ್ನೂ ಯಂತ್ರಗಳ ವಯಸ್ಸನ್ನೂ ಕೇಳಿ ತಿಳಿಯುವುದು ಅಗತ್ಯವೆಂದು ನಾನು ಒತ್ತಿ ಹೇಳುತ್ತೇನೆ.

ಹೋಲಿಕೆಗೆ ನೆರವಾಗುವ ಒಂದು ಅಂಕಿ ಎಂದರೆ ಲಾಭಕ್ಕೆ ಸವಕಳಿಯನ್ನು ಮರಳಿ ಕೂಡಿಸಿದ ಮೊತ್ತ. ಸವಕಳಿ ಕೈಯಿಂದ ಹೋಗುವ ದುಡ್ಡಲ್ಲವಾದ್ದರಿಂದ ಆ ಮೊತ್ತ ಎರಡೂ ಪದ್ಧತಿಗಳಲ್ಲಿ 6,00,000ವೇ ಬರುತ್ತದೆ. ಅವಧಿ ಸಾಲದ ಕಂತು ತೀರಿಸುವ ಶಕ್ತಿಯನ್ನು ಅಳೆಯುವಾಗ ಬ್ಯಾಂಕಿನವರು ಸವಕಳಿಯನ್ನು ಹೀಗೆ ಕೂಡಿಸಿಯೇ ನೋಡುತ್ತಾರೆ.

ಪಾಲುದಾರರ ಕೈಗೆ ಬರುವ ಮೊತ್ತ

ಪದ್ಧತಿಯ ಆಯ್ಕೆ ನಿಜವಾಗಿ ನೋಯಿಸುವ ಜಾಗ ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೂವರಲ್ಲಿ ಒಬ್ಬರು ಎರಡನೇ ವರ್ಷದ ಕೊನೆಗೆ ಪಾಲು ಬಿಟ್ಟು ಹೊರಡುತ್ತಾರೆ ಎಂದುಕೊಳ್ಳಿ. ನೇರ ರೇಖೆಯಲ್ಲಿ ಎರಡು ವರ್ಷದ ಒಟ್ಟು ಲಾಭ 8,87,600, ಇಳಿಕೆ ಶೇಷದಲ್ಲಿ 7,52,000. ವ್ಯತ್ಯಾಸ 1,35,600, ಅದರ ಮೂರನೇ ಒಂದು ಪಾಲು 45,200 ರೂಪಾಯಿ. ಇಳಿಕೆ ಶೇಷ ಬಳಸುವ ಸಂಸ್ಥೆಯಿಂದ ಪುಸ್ತಕದ ಬಾಕಿಯನ್ನಷ್ಟೇ ತೆಗೆದುಕೊಂಡು ಹೊರಟವರು ಇಷ್ಟು ಕಡಿಮೆ ಪಡೆಯುತ್ತಾರೆ, ಮತ್ತು ಮುಂದಿನ ಮೂರು ವರ್ಷದಲ್ಲಿ ಹಿಂತಿರುಗುವ ಲಾಭ ಉಳಿದಿಬ್ಬರ ಪಾಲಾಗುತ್ತದೆ. ಹೊಸ ಪಾಲುದಾರ ಆ ಹೊತ್ತಿಗೆ ಒಳಗೆ ಬಂದರೆ ಅದೇ ಮೊತ್ತದಲ್ಲಿ ಅವನಿಗೂ ಅನಾಯಾಸವಾಗಿ ಭಾಗ ಸಿಗುತ್ತದೆ. ಯಾರೂ ಮೋಸ ಮಾಡದೆಯೇ ಒಬ್ಬರ ಹಣ ಇನ್ನೊಬ್ಬರಿಗೆ ಹೋಗುವುದು ಹೀಗೆ.

ಇದಕ್ಕೆ ಪರಿಹಾರ ಪುನರ್‌ಮೌಲ್ಯಮಾಪನ ಖಾತೆ. ಪಾಲುದಾರ ಹೊರಡುವ ದಿನ ಯಂತ್ರದ ಬೆಲೆ 6,60,000 ಎಂದು ಮೂವರೂ ಒಪ್ಪಿದರು ಎನ್ನೋಣ. ಇಳಿಕೆ ಶೇಷದ ಪುಸ್ತಕದಲ್ಲಿ ಯಂತ್ರ 5,76,000ಕ್ಕೆ ನಿಂತಿರುವುದರಿಂದ 84,000 ಲಾಭ ಬರುತ್ತದೆ, ತಲಾ 28,000 ಬಂಡವಾಳ ಖಾತೆಗೆ ಜಮಾ. ನೇರ ರೇಖೆಯ ಪುಸ್ತಕದಲ್ಲಿ ಯಂತ್ರ 7,11,600ಕ್ಕೆ ನಿಂತಿರುವುದರಿಂದ 51,600 ನಷ್ಟ, ತಲಾ 17,200 ಖರ್ಚು. ಈಗ ಹೊರಡುವವರ ಎರಡು ವರ್ಷದ ಲಾಭದ ಪಾಲನ್ನು ಕೂಡಿಸಿ ನೋಡಿ: ಮೊದಲನೆಯದರಲ್ಲಿ 2,50,667ಕ್ಕೆ 28,000 ಸೇರಿ 2,78,667, ಎರಡನೆಯದರಲ್ಲಿ 2,95,867ರಿಂದ 17,200 ಕಳೆದು ಅದೇ 2,78,667. ಪದ್ಧತಿಯಿಂದ ಹುಟ್ಟಿದ ಅಂತರ ಪೂರ್ತಿ ಅಳಿದುಹೋಗುತ್ತದೆ. ಪಾಲುದಾರಿಕೆ ಪತ್ರ ಬರೆಸುವಾಗಲೇ, ಪಾಲುದಾರರು ಬದಲಾಗುವ ದಿನ ಯಂತ್ರಗಳೂ ಸೇರಿದಂತೆ ಸ್ಥಿರಾಸ್ತಿಗಳನ್ನು ಪುನರ್‌ಮೌಲ್ಯಮಾಪನ ಮಾಡತಕ್ಕದ್ದು ಎಂಬ ಒಂದು ಸಾಲನ್ನು ಸೇರಿಸಿಟ್ಟರೆ ಆಗ ವಾದಕ್ಕೆ ಎಡೆಯಿರುವುದಿಲ್ಲ.

ಪಾಲು ಬಿಡುವ ಪ್ರಸಂಗ ಇಲ್ಲದಿದ್ದರೂ ಹಣ ತೆಗೆಯುವ ವಿಷಯದಲ್ಲಿ ಪದ್ಧತಿಗೆ ಪ್ರಭಾವವಿದೆ. ವರ್ಷದ ಲಾಭದಷ್ಟನ್ನೂ ಮನೆಗೆ ಒಯ್ಯುವ ಅಭ್ಯಾಸವಿದ್ದರೆ ನೇರ ರೇಖೆಯಲ್ಲಿ ಮೊದಲ ವರ್ಷ 99,800 ರೂಪಾಯಿ ಹೆಚ್ಚಾಗಿ ಹೊರಹೋಗುತ್ತದೆ. ಆದರೆ ಆ ವರ್ಷ ಮಿಲ್‌ಗೆ ಬಂದ ದುಡ್ಡು ಎರಡೂ ಲೆಕ್ಕದಲ್ಲಿ ಒಂದೇ. ಯಂತ್ರ ಕೊಂಡ ಮೊದಲೆರಡು ವರ್ಷ ಸಾಲದ ಕಂತು, ತೊಗರಿ ಖರೀದಿ ಎರಡೂ ಒಟ್ಟಿಗೆ ಬೀಳುವ ಮಿಲ್‌ಗೆ ಇಳಿಕೆ ಶೇಷದ ಕಡಿಮೆ ಲಾಭ ಒಂದು ತಡೆಯಾಗಿ ಒದಗುತ್ತದೆ.

ಯಾವ ಪದ್ಧತಿ ಹೊಂದುತ್ತದೆ

ಯಾವುದರಲ್ಲಿ ಲಾಭ ಹೆಚ್ಚು ಕಾಣುತ್ತದೆ ಎಂದು ನೋಡಿ ಆರಿಸುವುದು ಸರಿಯಾದ ಕ್ರಮವಲ್ಲ. ಯಂತ್ರದ ಉಪಯೋಗ ಯಾವ ರೀತಿಯಲ್ಲಿ ತೀರುತ್ತದೆ ಎಂಬುದೇ ಆಧಾರವಾಗಬೇಕು; ಭಾರತದ ಲೆಕ್ಕ ಪರಿಶೋಧಕರ ಸಂಸ್ಥೆಯ ಲೆಕ್ಕಪತ್ರ ಮಾನದಂಡ 10, ಅಂದರೆ AS 10, ಕೇಳುವುದೂ ಇದನ್ನೇ.

ನಮ್ಮ ಯಂತ್ರವನ್ನು ಹತ್ತಿರದಿಂದ ನೋಡಿ. ಮೊದಲ ವರ್ಷ ಅದು ಪೂರ್ತಿ ವೇಗದಲ್ಲಿ ನಡೆಯುತ್ತದೆ, ದುರಸ್ತಿ ಎಂದರೆ ಗಾಜು ಒರೆಸುವುದು, ಗಾಳಿಯ ಸೋಸುಕ ಬದಲಿಸುವುದು. ತೊಗರಿಯ ಸಿಪ್ಪೆಯ ಸಣ್ಣ ಧೂಳು ಬರಬರುತ್ತ ಕಾಳು ಹಾರಿಸುವ ವಾಲ್ವ್‌ಗಳಲ್ಲಿ ಕೂರುತ್ತದೆ, ದೀಪಗಳ ಬೆಳಕು ಮಂಕಾಗುತ್ತದೆ, ಒಳ್ಳೆಯ ಬೇಳೆಯೂ ಕಸದ ಜೊತೆ ಹಾರಿ ಒಂದೇ ಮಾಲನ್ನು ಎರಡು ಸಲ ಹಾಯಿಸಬೇಕಾಗುತ್ತದೆ. ದುರಸ್ತಿ ಮೊದಲ ವರ್ಷ 10,000, ಐದನೇ ವರ್ಷ 1,25,000 ಬಂದಿತು ಎನ್ನಿ. ಇಳಿಕೆ ಶೇಷದಲ್ಲಿ ಸವಕಳಿ ಮತ್ತು ದುರಸ್ತಿ ಸೇರಿ ಮೊದಲ ವರ್ಷ 2,66,000, ಐದನೇ ವರ್ಷ 2,06,000. ಯಂತ್ರದ ಒಟ್ಟು ಹೊರೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗುತ್ತದೆ. ನೇರ ರೇಖೆಯಲ್ಲಿ ಅದೇ ಹೊರೆ 1,66,200ರಿಂದ 2,81,200ಕ್ಕೆ ಏರುತ್ತದೆ. ಇಂತಹ ಯಂತ್ರಕ್ಕೆ ಇಳಿಕೆ ಶೇಷವೇ ತಕ್ಕದ್ದೆಂದು ನನ್ನ ಅಭಿಪ್ರಾಯ. ಅದೇ ಮಿಲ್‌ನ ಗೋದಾಮು, ತಗಡಿನ ಶೆಡ್ಡು, ಕಚೇರಿಯ ಕಪಾಟುಗಳು ವರ್ಷ ವರ್ಷ ಒಂದೇ ಸಮನೆ ಉಪಯೋಗ ಕೊಡುವುದರಿಂದ ಅವುಗಳಿಗೆ ನೇರ ರೇಖೆ ಸಾಕು. ಒಂದೇ ಸಂಸ್ಥೆಯಲ್ಲಿ ಬೇರೆ ಬೇರೆ ವರ್ಗದ ಆಸ್ತಿಗೆ ಬೇರೆ ಬೇರೆ ಪದ್ಧತಿ ಇರಬಹುದು. ಗೋದಾಮು ನಿಂತ ಜಮೀನಿಗೆ ಮಾತ್ರ ಯಾವ ಪದ್ಧತಿಯಲ್ಲೂ ಸವಕಳಿ ಇಲ್ಲ.

ತೆರಿಗೆಯ ಶೇ. 15ನ್ನು ಪುಸ್ತಕಕ್ಕೆ ತರುವ ರೂಢಿ

ಇಳಿಕೆ ಶೇಷ ಆರಿಸಿದರೆ ಆದಾಯ ತೆರಿಗೆ ಉಳಿಯುತ್ತದೆ ಎಂಬ ಮಾತು ಗಂಜ್ ಮಾರುಕಟ್ಟೆಯಲ್ಲಿ ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ಆದಾಯ ತೆರಿಗೆಗೆ ಸವಕಳಿಯನ್ನು ಕಾನೂನೇ ಹೇಳಿದ ದರದಲ್ಲಿ, ಆಸ್ತಿಗಳ ಗುಂಪಿನ ಇಳಿಕೆ ಮೌಲ್ಯದ ಮೇಲೆ ಲೆಕ್ಕ ಹಾಕಬೇಕು. ಸಾಮಾನ್ಯ ಯಂತ್ರೋಪಕರಣಗಳಿಗೆ ಆ ದರ ಶೇ. 15. ಪುಸ್ತಕದಲ್ಲಿ ಏನೇ ಬರೆದಿದ್ದರೂ, ತೆರಿಗೆ ಲೆಕ್ಕದ ಹಾಳೆಯಲ್ಲಿ ಪುಸ್ತಕದ ಸವಕಳಿಯನ್ನು ಲಾಭಕ್ಕೆ ಮರಳಿ ಕೂಡಿಸಿ, ಕಾನೂನಿನ ಸವಕಳಿಯನ್ನು ಕಳೆಯಬೇಕು. ಆದ್ದರಿಂದ ಪುಸ್ತಕದ ಪದ್ಧತಿ ತೆರಿಗೆಯ ಮೊತ್ತವನ್ನು ಮುಟ್ಟುವುದಿಲ್ಲ.

ಎರಡು ಲೆಕ್ಕ ಬೇಡವೆಂದು ಅನೇಕ ಸಣ್ಣ ಸಂಸ್ಥೆಗಳು ಪುಸ್ತಕದಲ್ಲೂ ಅದೇ ಶೇ. 15ನ್ನು ಹಾಕುತ್ತವೆ. ನಮ್ಮ ಯಂತ್ರಕ್ಕೆ ಹಾಗೆ ಮಾಡಿದರೆ ಮೊದಲ ವರ್ಷದ ಸವಕಳಿ 1,53,600, ಐದನೇ ವರ್ಷದ್ದು ಸುಮಾರು 80,180, ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಸುಮಾರು 4,54,354 ರೂಪಾಯಿ. ಯಂತ್ರ 2,43,000ಕ್ಕೆ ಮಾರಾಟವಾದ ದಿನ 2,11,354 ರೂಪಾಯಿ ನಷ್ಟ ಒಂದೇ ವರ್ಷಕ್ಕೆ ಬಂದು ಬೀಳುತ್ತದೆ. ಹಿಂದಿನ ಐದು ವರ್ಷವೂ ಲಾಭವನ್ನು ಹೆಚ್ಚಾಗಿ ತೋರಿಸಿ ಹಂಚಿಕೊಂಡದ್ದು ಆಗ ತಿಳಿಯುತ್ತದೆ. ಹೆಸರಿಗೆ ಇಳಿಕೆ ಶೇಷವಾದರೂ ಐದು ವರ್ಷದ ಯಂತ್ರಕ್ಕೆ ಈ ದರ ನೇರ ರೇಖೆಗಿಂತಲೂ ಕಡಿಮೆ ಸವಕಳಿ ಹಾಕುತ್ತದೆ. ಪುಸ್ತಕಕ್ಕೊಂದು, ತೆರಿಗೆಗೊಂದು ಎಂದು ಎರಡು ಹಾಳೆ ಇಡುವ ಶ್ರಮ ದೊಡ್ಡದಲ್ಲ, ಅದನ್ನು ಮಾಡಲೇಬೇಕು.

ಅವಧಿಗೆ ಮುಂಚೆ ಮಾರಿದರೆ

ಮೂರನೇ ವರ್ಷದ ಕೊನೆಗೆ ಯಂತ್ರವನ್ನು 4,50,000ಕ್ಕೆ ಮಾರಿದರು ಎನ್ನಿ. ಇಳಿಕೆ ಶೇಷದಲ್ಲಿ ಪುಸ್ತಕ ಮೌಲ್ಯ 4,32,000 ಆದ್ದರಿಂದ 18,000 ಲಾಭ. ನೇರ ರೇಖೆಯಲ್ಲಿ 5,55,400 ಆದ್ದರಿಂದ 1,05,400 ನಷ್ಟ. ಮೂರು ವರ್ಷದ ಸವಕಳಿಯನ್ನೂ ಈ ಲಾಭ ನಷ್ಟವನ್ನೂ ಕೂಡಿಸಿದರೆ ಎರಡರಲ್ಲೂ ಯಂತ್ರಕ್ಕಾದ ಒಟ್ಟು ಖರ್ಚು 5,74,000ವೇ. ಯಂತ್ರಗಳನ್ನು ಮಾರಿದಾಗಲೆಲ್ಲ ದೊಡ್ಡ ನಷ್ಟ ಬರುತ್ತಿದ್ದರೆ ಅದು ವ್ಯಾಪಾರಿ ಕಡಿಮೆ ಕೊಟ್ಟದ್ದಲ್ಲ, ಬಹುತೇಕ ನಮ್ಮ ಸವಕಳಿ ಕಡಿಮೆಯಾಗಿತ್ತು ಎಂಬುದರ ಗುರುತು.

ವರ್ಷದ ನಡುವೆ ಬಂದ ಯಂತ್ರ

ಹೊಸ ತೊಗರಿ ಗಂಜ್‌ಗೆ ಬರುವ ಹೊತ್ತಿಗೆ ಯಂತ್ರ ಸಿದ್ಧವಿರಲೆಂದು ಮಿಲ್‌ನವರು ಡಿಸೆಂಬರ್, ಜನವರಿಯಲ್ಲಿ ಅಳವಡಿಸುವುದು ಸಾಮಾನ್ಯ. ಯಂತ್ರ ಜನವರಿ 1ರಂದು ಕೆಲಸಕ್ಕೆ ಸಿದ್ಧವಾದರೆ ಆ ವರ್ಷ ಪುಸ್ತಕದಲ್ಲಿ ಮೂರು ತಿಂಗಳ ಸವಕಳಿ ಮಾತ್ರ: ನೇರ ರೇಖೆಯಲ್ಲಿ 39,050, ಇಳಿಕೆ ಶೇಷದಲ್ಲಿ 64,000. ಮರುವರ್ಷ ಇಳಿಕೆ ಶೇಷದ ದರ ಉಳಿದ 9,60,000ದ ಮೇಲೆ ಬಿದ್ದು 2,40,000 ಆಗುತ್ತದೆ. ನೇರ ರೇಖೆಯಲ್ಲಿ ಎಂದಿನಂತೆ 1,56,200, ಕೊನೆಯ ಒಂಬತ್ತು ತಿಂಗಳಿಗೆ 1,17,150. ತಿಂಗಳ ಲೆಕ್ಕದಲ್ಲಿ ಇಳಿಕೆ ಶೇಷ ಕೊನೆಗೆ 2,43,000ಕ್ಕೆ ಸರಿಯಾಗಿ ತಲುಪದೆ ಸುಮಾರು 3,800 ರೂಪಾಯಿ ಮೇಲೆ ನಿಲ್ಲುತ್ತದೆ. ಅದು ತಪ್ಪಲ್ಲ, ಮಾರುವಾಗ ಸರಿಹೋಗುತ್ತದೆ. ತೆರಿಗೆ ಲೆಕ್ಕದಲ್ಲಿ ತಿಂಗಳುಗಳ ಮಾತಿಲ್ಲ: ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ದರ, ಅಂದರೆ ಇಲ್ಲಿ 76,800.

ಪದ್ಧತಿಯನ್ನು ಬದಲಿಸಬೇಕಾದಾಗ

ಪದ್ಧತಿಯನ್ನು ಪ್ರತಿ ವರ್ಷದ ಕೊನೆಗೆ ಮರುಪರಿಶೀಲಿಸಬೇಕು. ಯಂತ್ರ ಉಪಯೋಗವಾಗುವ ರೀತಿಯೇ ಬದಲಾಗಿದ್ದರೆ ಮಾತ್ರ ಬದಲಿಸಬೇಕು. ಹಳೆಯ ಮಾನದಂಡ 6 ಇದ್ದಾಗ ಯಂತ್ರ ಕೊಂಡ ದಿನದಿಂದಲೇ ಹೊಸ ಪದ್ಧತಿಯಲ್ಲಿ ಲೆಕ್ಕ ತಿರುಗಿ ಹಾಕಿ, ವ್ಯತ್ಯಾಸವನ್ನು ಆ ವರ್ಷದ ಲಾಭ ನಷ್ಟಕ್ಕೆ ತರಬೇಕಾಗಿತ್ತು. 2016ರಲ್ಲಿ ಪರಿಷ್ಕೃತವಾದ ಮಾನದಂಡ 10ರ ಪ್ರಕಾರ ಇದನ್ನು ಅಂದಾಜಿನ ಬದಲಾವಣೆಯೆಂದು ಪರಿಗಣಿಸುವುದರಿಂದ ಹಿಂದಿನದನ್ನು ಮುಟ್ಟುವಂತಿಲ್ಲ, ಉಳಿದ ಮೌಲ್ಯವನ್ನು ಉಳಿದ ವರ್ಷಗಳಿಗೆ ಹಂಚಬೇಕು. ಹಳೆಯ ಪುಸ್ತಕಗಳಿಂದ ಕಲಿತವರು ಇಲ್ಲಿ ಎಡವುವುದನ್ನು ಕಾಣುತ್ತೇವೆ.

ಎರಡು ವರ್ಷ ಇಳಿಕೆ ಶೇಷ ನಡೆಸಿ ಮೂರನೇ ವರ್ಷ ನೇರ ರೇಖೆಗೆ ಬಂದರೆ, 5,76,000ದಿಂದ 2,43,000 ಕಳೆದ 3,33,000ವನ್ನು ಮೂರು ವರ್ಷಕ್ಕೆ ಹಂಚಿ ವರ್ಷಕ್ಕೆ 1,11,000 ಬರೆಯಬೇಕು. ಆ ವರ್ಷ ಹಳೆಯ ಪದ್ಧತಿಯಲ್ಲಿ 1,44,000 ಬರಬೇಕಾಗಿದ್ದರಿಂದ ಲಾಭ 33,000 ಹೆಚ್ಚು ಕಾಣುತ್ತದೆ. ಓದುವವರಿಗೆ ಅದರ ಮೂಲ ತಿಳಿಯುವಂತೆ ಲೆಕ್ಕಪತ್ರದ ಟಿಪ್ಪಣಿಯಲ್ಲಿ ಈ ರೀತಿ ಬರೆಯಬಹುದು: "ಬೇಳೆ ಬೇರ್ಪಡಿಸುವ ಯಂತ್ರದ ಸವಕಳಿಯನ್ನು ಈ ವರ್ಷದಿಂದ ಇಳಿಕೆ ಶೇಷ ಪದ್ಧತಿಯ ಬದಲು ನೇರ ರೇಖಾ ಪದ್ಧತಿಯಲ್ಲಿ ಲೆಕ್ಕ ಹಾಕಲಾಗಿದೆ. ಯಂತ್ರದ ಉಳಿದ ಬಾಳಿಕೆ ಮೂರು ವರ್ಷ, ಉಳಿಕೆ ಬೆಲೆ 2,43,000 ರೂಪಾಯಿ. ಈ ಬದಲಾವಣೆಯಿಂದ ವರ್ಷದ ಸವಕಳಿ 33,000 ರೂಪಾಯಿ ಕಡಿಮೆಯಾಗಿದ್ದು, ಲಾಭ ಅಷ್ಟೇ ಮೊತ್ತದಿಂದ ಹೆಚ್ಚಾಗಿದೆ." ಬದಲಾವಣೆಗೆ ಕಾರಣವಾದ ಸಂಗತಿಯನ್ನು, ಉದಾಹರಣೆಗೆ ವಾಲ್ವ್‌ಗಳನ್ನು ಪೂರ್ತಿ ಬದಲಿಸಿದ್ದರಿಂದ ಯಂತ್ರ ಇನ್ನು ಮುಂದೆ ಸಮನಾದ ವೇಗದಲ್ಲಿ ನಡೆಯುತ್ತದೆ ಎಂಬುದನ್ನು, ಅದರ ಕೆಳಗೆ ಒಂದು ವಾಕ್ಯದಲ್ಲಿ ಸೇರಿಸಬೇಕು, ವಾಲ್ವ್‌ಗಳ ಬದಲಾವಣೆಗೆ ತಗಲಿದ ಮೊತ್ತವನ್ನು ಯಂತ್ರದ ವೆಚ್ಚಕ್ಕೆ ಸೇರಿಸಿದ್ದರೆ, ಹಂಚಬೇಕಾದ 3,33,000ಕ್ಕೆ ಆ ಮೊತ್ತವನ್ನೂ ಕೂಡಿಸಿಯೇ ಮೂರರಿಂದ ಭಾಗಿಸಬೇಕು.